ಬೊಟ್ಟು, ಪೇಟ, ಮುಸುಕು: ಬದಲಿಸಿದ ಮುಖದ ಅಂಚುಗಳು

ಸಿನಿಮಾದಲ್ಲಿ ಡ್ಯೂಪ್‌ಗೆ ನಟರ ಮುಖ ಕೂರಿಸಿದ ಶಾಟ್ ನೋಡಿ ಅಭಿಪ್ರಾಯ ಹೇಳಿ ಎಂದರೆ ನಾನು ಮೊದಲು ಹಣೆ ನೋಡುತ್ತೇನೆ. ಕಣ್ಣು, ಮೂಗು, ಬಾಯಿಯನ್ನು ಈಗಿನ AI ಮಾಡೆಲ್‌ಗಳು ಸುಮಾರಾಗಿ ಚೆನ್ನಾಗಿಯೇ ಕೂರಿಸುತ್ತವೆ. ಕೆಲಸ ಕೆಡುವುದು ಚರ್ಮದ ಮೇಲೆ ಬೇರೆ ವಸ್ತು ಇರುವ ಕಡೆ: ಹುಬ್ಬುಗಳ ನಡುವಿನ ಬೊಟ್ಟು, ಹಣೆಗೆ ಒತ್ತಿಕೊಂಡ ಪೇಟದ ಸುತ್ತು, ಕೆನ್ನೆಯ ಮೇಲೆ ಇಳಿಬಿದ್ದ ತೆಳು ಮುಸುಕು. ಇವು ಮೂರೂ ಮುಖದ ಭಾಗವಲ್ಲ, ಡ್ಯೂಪ್ ಹಾಕಿಕೊಂಡ ಉಡುಪಿನ ಭಾಗ. ಆದ್ದರಿಂದ ಇವು ಕ್ಯಾಮೆರಾ ಸೆರೆಹಿಡಿದ ಮೂಲ ದೃಶ್ಯದಿಂದ, ಅಂದರೆ ಮೂಲ ಪ್ಲೇಟಿನಿಂದಲೇ ಬರಬೇಕು, ಮಾಡೆಲ್ ಬರೆದುಕೊಟ್ಟದ್ದರಿಂದ ಅಲ್ಲ.

ಒಂದು ಮದುಮಗಳ ಶಾಟ್ ತೆಗೆದುಕೊಳ್ಳೋಣ. ಓಡಿಬರುವ ದೃಶ್ಯವಾದ್ದರಿಂದ ಡ್ಯೂಪ್ ನಟಿಸಿದ್ದಾರೆ, ಮುಖ ನಾಯಕಿಯದಾಗಬೇಕು. (ಇಬ್ಬರ ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೇ ಫೈಲ್ ತೆರೆಯುವುದು.) ಹಣೆಯಲ್ಲಿ ಕೆಂಪು ಬೊಟ್ಟು, ತಲೆಯ ಮೇಲಿಂದ ಒಂದು ಕೆನ್ನೆಗೆ ಇಳಿದ ಕೆಂಪು ಜಾಲರಿ ಮುಸುಕು. ಮುಖವನ್ನು ಸುತ್ತುವರಿದ ಚೌಕ 448 ಪಿಕ್ಸೆಲ್, ಬೊಟ್ಟಿನ ಅಗಲ 14 ಪಿಕ್ಸೆಲ್. inswapper_128 ಎಂಬ ಮುಖ ಬದಲಿಸುವ ಮಾಡೆಲ್ ಬಳಸಿದರೆ ಆ ಚೌಕ 128 ಪಿಕ್ಸೆಲ್‌ಗೆ ಕುಗ್ಗುತ್ತದೆ, ಬೊಟ್ಟು ಬರೀ 4 ಪಿಕ್ಸೆಲ್ ಆಗುತ್ತದೆ. ಅಷ್ಟರಲ್ಲಿ ಅದು ಬೊಟ್ಟೋ ಮಚ್ಚೆಯೋ ನೆರಳೋ ಎಂದು ಮಾಡೆಲ್‌ಗೆ ತಿಳಿಯುವುದಿಲ್ಲ. ಒಂದು ಫ್ರೇಮ್‌ನಲ್ಲಿ ಗುಲಾಬಿ ಕಲೆ, ಮುಂದಿನದರಲ್ಲಿ ಅರ್ಧ ಚುಕ್ಕೆ, ಆಮೇಲೆ ಏನೂ ಇಲ್ಲ. ಓಡಿಸಿ ನೋಡಿದರೆ ಹಣೆ ಮಿನುಗುತ್ತದೆ.

ಹಾಗಾಗಿ ಮುಖ ಬದಲಿಸುವ ಮೊದಲೇ ಪ್ಲೇಟಿನಿಂದ ಬೊಟ್ಟನ್ನು ಅಳಿಸಿಬಿಡುತ್ತೇನೆ. ಪಕ್ಕದ ಚರ್ಮದ ತೇಪೆಯನ್ನು ಹಣೆಯ ಚಲನೆಗೆ ಟ್ರ್ಯಾಕ್ ಮಾಡಿ ಮುಚ್ಚಿದರೆ ಸಾಕು. ಬೋಳು ಹಣೆಯ ಈ ಪ್ಲೇಟಿನ ಮೇಲೆ ಮುಖ ಬದಲಿಸಿ, ಕೊನೆಗೆ ಮೂಲ ಬೊಟ್ಟನ್ನು ಮರಳಿ ಇಡುವುದು. ಇಡುವ ರೀತಿ ಬೊಟ್ಟಿನ ಜಾತಿಯ ಮೇಲೆ ಹೋಗುತ್ತದೆ. ಅಂಟಿಸುವ ಬೊಟ್ಟಾದರೆ ಗಟ್ಟಿ ಅಂಚಿನಲ್ಲಿ ಕತ್ತರಿಸಿ ಮೇಲೆ ಕೂರಿಸಬೇಕು. ಅದರ ಕೆಳಗಿನ ಸಣ್ಣ ನೆರಳನ್ನು ಬೇರೆಯಾಗಿ ತರಬೇಕು: ಮೂಲ ಪ್ಲೇಟನ್ನು ಬೊಟ್ಟು ಅಳಿಸಿದ ಪ್ಲೇಟಿನಿಂದ ಭಾಗಿಸಿದರೆ ನೆರಳಿನ ಅನುಪಾತ ಸಿಗುತ್ತದೆ, ಅದನ್ನು ಹೊಸ ಹಣೆಗೆ ಗುಣಿಸಿದರೆ ಆಯಿತು. ಈ ನೆರಳಿಲ್ಲದ ಬೊಟ್ಟು ಗಾಜಿನ ಮೇಲೆ ಅಂಟಿಸಿದಂತೆ ತೇಲುತ್ತದೆ. ಬೆರಳಿನಿಂದ ಹಚ್ಚಿದ ಕುಂಕುಮಕ್ಕೆ ಗಟ್ಟಿ ಅಂಚೇ ಇಲ್ಲ. ಅಂಚಿನ ಪುಡಿಯ ನಡುವೆ ಚರ್ಮ ಕಾಣುತ್ತಿರುತ್ತದೆ, ಅಲ್ಲಿ ಪೂರ್ತಿ ಅನುಪಾತದ ವಿಧಾನವೇ ವಾಸಿ.

ಜಾಗದ ಪ್ರಶ್ನೆ ಇನ್ನೊಂದು. ಡ್ಯೂಪ್ ಹುಬ್ಬು ಮತ್ತು ನಾಯಕಿಯ ಹುಬ್ಬು ಒಂದೇ ಎತ್ತರದಲ್ಲಿ ಇರುವುದಿಲ್ಲ. ಮುಖ ನೇರವಾಗಿರುವ ಒಂದು ಫ್ರೇಮ್ ಆರಿಸಿ ಬೊಟ್ಟನ್ನು ಎಷ್ಟು ಸರಿಸಬೇಕೆಂದು ಒಮ್ಮೆ ನಿರ್ಧರಿಸಿ, ಅದೇ ಅಂತರವನ್ನು ಮುಖದ ಗಾತ್ರಕ್ಕೆ ತಕ್ಕಂತೆ ಎಲ್ಲ ಫ್ರೇಮ್‌ಗೂ ಉಳಿಸಿ. ಟ್ರ್ಯಾಕ್ ಮಾಡುವುದು ಮೂಲ ಪ್ಲೇಟಿನ ಬೊಟ್ಟನ್ನೇ. ಬದಲಿಸಿದ ಮುಖದಿಂದ ತೆಗೆದ ಗುರುತುಗಳು ಫ್ರೇಮಿಂದ ಫ್ರೇಮಿಗೆ ನಡುಗುತ್ತವೆ. ಸರಿಯಾಯಿತೇ ಎಂದು ನೋಡಲು ಮೂಗಿನ ಸೇತುವೆ ಅಲುಗದಂತೆ ಶಾಟನ್ನು ಸ್ಟೆಬಿಲೈಸ್ ಮಾಡಿ ಓಡಿಸಿ. ಹುಬ್ಬು ಗಂಟಿಕ್ಕಿದಾಗ ಮಾತ್ರ ಬೊಟ್ಟು ಚೂರು ಅಲುಗಬೇಕು, ಉಳಿದಂತೆ ನಿಂತಲ್ಲೇ ನಿಂತಿರಬೇಕು.

ಪೇಟದ ಕಥೆ ಚಿಕ್ಕದು. ಹೊಸ ಮುಖ ಎಲ್ಲಿಯವರೆಗೆ ಕಾಣಬೇಕೆಂದು ಗುರುತಿಸುವ ಮಾಸ್ಕಿನ ಅಂಚನ್ನು ಕೆನ್ನೆ, ಗಲ್ಲದ ಕಡೆ ಹತ್ತಾರು ಪಿಕ್ಸೆಲ್ ಮೃದು ಮಾಡುತ್ತೇವೆ. ಚರ್ಮ ಚರ್ಮದಲ್ಲಿ ಬೆರೆಯಲು ಅದು ಬೇಕು. ಅದೇ ಮೃದುತನ ಪೇಟದ ಅಂಚಿಗೂ ಹೋದರೆ ಬಟ್ಟೆಯ ಮೊದಲ ಸುತ್ತಿನ ಮೇಲೆ ಚರ್ಮದ ಬಣ್ಣ ಸವರಿದಂತಾಗುತ್ತದೆ. ಹಾಗಾಗಿ ಎರಡು ಮಾಸ್ಕ್ ಬೇಕು: ಒಂದು ಮುಖದ್ದು, ಮೃದು, ಇನ್ನೊಂದು ಬಟ್ಟೆಯದು, ಶಾಟಿನ ಫೋಕಸ್ ಎಷ್ಟು ಚೂಪೋ ಅಷ್ಟೇ ಚೂಪು. ಎರಡನೆಯದು ಮೊದಲನೆಯದನ್ನು ಕತ್ತರಿಸುತ್ತದೆ. ಪೇಟ ಹಣೆಯ ಮೇಲೆ ಚೆಲ್ಲುವ ನೆರಳು ಮಂಕಾಗಿದ್ದರೆ ಅಂಚಿನ ಕೆಳಗೆ ತೆಳುವಾಗಿ ಗುಣಿಸಿ ಕೊಡಿ. ಮುಖದ ಬಣ್ಣ ಹೊಂದಿಸುವಾಗ ಬಟ್ಟೆಯನ್ನು ಲೆಕ್ಕದಿಂದ ಹೊರಗಿಡಿ, ಇಲ್ಲದಿದ್ದರೆ ಕೇಸರಿ ಪೇಟ ಮುಖಕ್ಕೂ ಕೇಸರಿ ಬಳಿಯುತ್ತದೆ. ಕೊನೆಗೆ ಫಲಿತಾಂಶದಿಂದ ಮೂಲ ಪ್ಲೇಟನ್ನು ಕಳೆದು ನೋಡಿ. ಪೇಟದ ಜಾಗ ಪೂರ್ತಿ ಕಪ್ಪಾಗಿರಬೇಕು. ಅಂಚಿನ ಉದ್ದಕ್ಕೂ ಬೆಳಕಿನ ಗೆರೆ ಕಂಡರೆ ಮಾಸ್ಕ್ ಸೋರುತ್ತಿದೆ ಎಂದರ್ಥ.

ನಿಜವಾದ ತಲೆನೋವು ಮುಸುಕು. ಅದರೊಳಗಿಂದ ಮುಖ ಕಾಣುತ್ತದೆ, ಆದ್ದರಿಂದ ಕತ್ತರಿಸಿ ಮೇಲಿಟ್ಟರೆ ಡ್ಯೂಪ್ ಕೆನ್ನೆಯೂ ಜೊತೆಗೇ ಬರುತ್ತದೆ. ಮಾಡೆಲ್‌ಗೆ ಬಿಟ್ಟರೆ ಜಾಲರಿಯನ್ನೇ ಒರೆಸಿಹಾಕುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವ ಕಾಂಪೋಸಿಟಿಂಗ್‌ನ ಹಳೆಯ ಸೂತ್ರ:

```
C = α·F + (1 − α)·B
```

C ಕಾಣುವ ಬಣ್ಣ, F ಬಟ್ಟೆಯ ಬಣ್ಣ, B ಹಿಂದಿರುವುದು, α ಬಟ್ಟೆ ಹಿಂದಿನದನ್ನು ಎಷ್ಟು ಪಾಲು ಮುಚ್ಚುತ್ತದೆ ಎಂಬುದು. ಮುಸುಕು ಎರಡು ಬೇರೆ ಬೇರೆ ಹಿನ್ನೆಲೆಯ ಮೇಲೆ ಹಾದುಹೋಗಿದ್ದರೆ ಬಟ್ಟೆಯ ಗುಣ ಗೊತ್ತಾಗುತ್ತದೆ. ನಮ್ಮ ಶಾಟಿನಲ್ಲಿ ಅದು ಕೂದಲ ಮೇಲೂ ಇದೆ, ಕೆನ್ನೆಯ ಮೇಲೂ ಇದೆ. ಪಿಕ್ಸೆಲ್ ಅಂಕಿ ನಿಜವಾದ ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದುವ ಲೀನಿಯರ್ ಬೆಳಕಿಗೆ ಬದಲಿಸಿದ ಮೇಲೆ ಹಸಿರು ಚಾನೆಲ್ ಅಳೆದೆವು ಎನ್ನಿ. ಬರೀ ಕೆನ್ನೆ 0.30, ಬರೀ ಕೂದಲು 0.04, ವ್ಯತ್ಯಾಸ 0.26. ಮುಸುಕಿನ ಮೂಲಕ ಕೆನ್ನೆ 0.22, ಕೂದಲು 0.09, ವ್ಯತ್ಯಾಸ 0.13. ಅಂದರೆ ಬಟ್ಟೆ ಹಿಂದಿನ ಬೆಳಕಿನ ಅರ್ಧವನ್ನು ಬಿಡುತ್ತಿದೆ. ಬಟ್ಟೆ ತಾನೇ ಸೇರಿಸುವುದು 0.09 ರಲ್ಲಿ ಕೂದಲಿನ ಅರ್ಧ, ಅಂದರೆ 0.02, ಕಳೆದು 0.07. ಕೆನ್ನೆಗೆ ತಾಳೆ ನೋಡಿ: 0.15 ಕ್ಕೆ 0.07 ಕೂಡಿದರೆ 0.22, ಸರಿಯಿದೆ. ಹೊಸ ಮುಖದ ಕೆನ್ನೆ 0.36 ಇದ್ದರೆ ಮುಸುಕಿನ ಕೆಳಗೆ ಅದು 0.25 ಆಗಬೇಕು. ಕೆಂಪು, ನೀಲಿ ಚಾನೆಲ್‌ಗಳಿಗೂ ಇದೇ ಲೆಕ್ಕ ಬೇರೆಯಾಗಿ ಮಾಡಬೇಕು. ಬರೀ ಚರ್ಮ ಮತ್ತು ಮುಸುಕಿನ ಚರ್ಮದ ಮೇಲೆ ಒಂದೇ ಬೆಳಕು ಬಿದ್ದಿರುವ ಜಾಗಗಳನ್ನೇ ಅಳೆಯಿರಿ. ಒಂದು ಕೆನ್ನೆ ನೆರಳಿನಲ್ಲಿದ್ದರೆ ಎಲ್ಲವೂ ತಪ್ಪುತ್ತದೆ.

ಇದೇ ಅಂಕಿಗಳಿಂದ ಹಿಂದಕ್ಕೆ ಹೋಗಿ, C ಯಿಂದ 0.07 ಕಳೆದು 0.5 ರಿಂದ ಭಾಗಿಸಿದರೆ ಮುಸುಕು ತೆಗೆದ ಪ್ಲೇಟ್ ಸಿಗುತ್ತದೆ. ಅದರ ಮೇಲೆ ಮುಖ ಬದಲಿಸಿ, ನಂತರ ಮುಸುಕನ್ನು ಹೊಸ ಮುಖದ ಮೇಲೆ ಹೊದಿಸುವುದು. ಹೀಗೆ ಬರುವುದು ಸಮನಾದ ಬಣ್ಣದ ಪೊರೆ ಮಾತ್ರ, ಎಳೆ ಕಾಣುವುದಿಲ್ಲ. ಎಳೆಗಾಗಿ ಮೂಲ ಪ್ಲೇಟಿನಿಂದ ಅದರದೇ ಬ್ಲರ್ ಪ್ರತಿಯನ್ನು ಕಳೆದು, ಉಳಿದ ಸೂಕ್ಷ್ಮ ವಿವರವನ್ನು ಮುಸುಕಿನ ಜಾಗಕ್ಕೆ ಕೂಡುತ್ತೇನೆ. ಕೆನ್ನೆ, ಹಣೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಹುಬ್ಬು, ರೆಪ್ಪೆಯ ಮೇಲೆ ಮಾಡಿದರೆ ಡ್ಯೂಪ್ ರೆಪ್ಪೆಗೂದಲೂ ಎಳೆಯ ಜೊತೆ ಬಂದು ಕಣ್ಣು ಎರಡಾಗಿ ಕಾಣುತ್ತದೆ. ಅಲ್ಲಿ ಕೆನ್ನೆಯ ಎಳೆಯನ್ನೇ ನಕಲು ಮಾಡಿ, ಬಟ್ಟೆಯ ಚಲನೆಗೆ ಟ್ರ್ಯಾಕ್ ಮಾಡಿ ಹರಡಬೇಕು.

ಮುಸುಕು ಮಡಚಿ ಎರಡು ಪದರವಾದ ಕಡೆ ಬೆಳಕು ಕಾಲು ಭಾಗ ಮಾತ್ರ ಹಾಯುತ್ತದೆ, ಬಟ್ಟೆಯ ಪಾಲು 0.07 ರಿಂದ 0.105 ಕ್ಕೆ ಏರುತ್ತದೆ. ಆದ್ದರಿಂದ ಮಡಿಕೆಗೆ ಬೇರೆ ಮಾಸ್ಕ್ ಬೇಕು. ಅಲ್ಲಿ ಮುಸುಕು ತೆಗೆಯಲು 0.25 ರಿಂದ ಭಾಗಿಸಬೇಕಾಗುವುದರಿಂದ ಕ್ಯಾಮೆರಾ ಗ್ರೇನ್ ನಾಲ್ಕು ಪಟ್ಟಾಗುತ್ತದೆ. ಕೆನ್ನೆಯ ಅಂಚಿನಲ್ಲಾದರೆ ಡಿನಾಯ್ಸ್ ಮಾಡಿ ದಾಟಿಸಬಹುದು. ಎರಡು ಪದರ ಕಣ್ಣಿನ ಮೇಲೇ ಬಿದ್ದಿದ್ದರೆ, ಅಥವಾ ಜರಿಯ ದಟ್ಟ ಹೂವು ಮುಖದ ಅರ್ಧ ಮುಚ್ಚಿದ್ದರೆ, ಆ ಫ್ರೇಮ್‌ಗಳಲ್ಲಿ ಮುಖ ಬದಲಿಸುವುದೇ ಬೇಡ ಎಂದು ನಿರ್ದೇಶಕರಿಗೆ ಹೇಳಿಬಿಡುತ್ತೇನೆ. ಡ್ಯೂಪ್ ಮುಖವೇ ಇರಲಿ, ಅಷ್ಟು ಬಟ್ಟೆಯ ಹಿಂದೆ ಅದು ಯಾರದೆಂದು ಪ್ರೇಕ್ಷಕರಿಗೆ ಹೇಗೂ ಗೊತ್ತಾಗುವುದಿಲ್ಲ.