ಟಿಪ್ಸ್ ಹಣ ಯಾವ ಖಾತೆಯಲ್ಲಿದೆ?

ರೆಸ್ಟೋರೆಂಟ್‌ಗಳ ಲೆಕ್ಕ ನೋಡಲು ಕೂತಾಗ ನಾನು ಮೊದಲು ಕೇಳುವುದು, ಟಿಪ್ಸ್‌ಗೆ ಬೇರೆ ಲೆಡ್ಜರ್ ಇದೆಯೇ ಎಂದು. ಬಹಳ ಕಡೆ ಇರುವುದಿಲ್ಲ. ಕಾರ್ಡ್ ಯಂತ್ರದಲ್ಲಿ, ಗಲ್ಲಾದ ಕ್ಯೂಆರ್‌ನಲ್ಲಿ ಬಂದದ್ದೆಲ್ಲ ಸೇಲ್ಸ್‌ಗೆ ಹೋಗಿ ಬಿದ್ದಿರುತ್ತದೆ. ‘ಹುಡುಗರಿಗೆ ಕೊಡ್ತೀವಿ ಸಾರ್’ ಅನ್ನುತ್ತಾರೆ. ಕೊಡುತ್ತಲೂ ಇರಬಹುದು. ಆದರೆ ಎಷ್ಟು ಬಂತು, ಎಷ್ಟು ಹೋಯಿತು ಅನ್ನುವುದು ಪುಸ್ತಕದಲ್ಲಿ ಕಾಣುವುದಿಲ್ಲ.

ಒಂದು ಬಿಲ್ ಹಿಡಿಯೋಣ. ಊಟ 2,000 ರೂಪಾಯಿ. ಶೇ 10ರ ಸರ್ವಿಸ್ ಚಾರ್ಜ್ 200. ಎರಡನ್ನೂ ಕೂಡಿಸಿದ 2,200ರ ಮೇಲೆ ಶೇ 5 ಜಿಎಸ್‌ಟಿ 110. ಒಟ್ಟು 2,310. ಸರ್ವಿಸ್ ಚಾರ್ಜ್ ತೆಗೆದರೆ ಬಿಲ್ 2,100ಕ್ಕೆ ಇಳಿಯುತ್ತದೆ. ಅಂದರೆ ಗ್ರಾಹಕ ಹೆಚ್ಚಿಗೆ ಕೊಟ್ಟ 210ರಲ್ಲಿ 10 ಸರ್ಕಾರಕ್ಕೆ. ಉಳಿದ 200 ಮಾಲೀಕರ ವರಮಾನ. ಅದರಲ್ಲಿ ಸಪ್ಲೈಯರ್‌ಗೆ ಎಷ್ಟು ಅನ್ನುವುದು ಅವರ ಮನಸ್ಸಿಗೆ ಬಿಟ್ಟದ್ದು. ಒಡೆದ ಗ್ಲಾಸಿನ ಬಾಬ್ತೂ ಕೆಲವೊಮ್ಮೆ ಅಲ್ಲೇ ಮುರಿದುಕೊಳ್ಳುತ್ತದೆ. ಅದೇ ಗ್ರಾಹಕರು 2,100 ಕಟ್ಟಿ, ತಾವಾಗಿಯೇ 200 ಟಿಪ್ಸ್ ಬಿಟ್ಟರೆ ಲೆಕ್ಕವೇ ಬೇರೆ. ಅದು ಊಟದ ಬೆಲೆಯಲ್ಲ, ಸಿಬ್ಬಂದಿಗೆಂದು ಕೊಟ್ಟ ದುಡ್ಡು.

ಮೇಲಿನ ಮೊದಲ ಬಗೆಯ ಬಿಲ್ಲನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರ ಮಾರ್ಗಸೂಚಿಯಲ್ಲೇ ಬೇಡವೆಂದಿತ್ತು. ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು, ಬಿಲ್ಲಿಗೆ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕಬಾರದು. ಅದೇ ತಿಂಗಳು ತಡೆಯಾಜ್ಞೆ ಬಂತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ರೆಸ್ಟೋರೆಂಟ್ ಸಂಘ ಮೇಲ್ಮನವಿ ಸಲ್ಲಿಸಿದೆ. ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಕಂಡರೆ ತೆಗೆಯಿರಿ ಎಂದು ಹೇಳಬಹುದು, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಟಿಪ್ಸ್ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ. ಐಟಿಸಿ ಹೋಟೆಲುಗಳ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕಾರ್ಡಿನಲ್ಲಿ ಬಂದ ಟಿಪ್ಸನ್ನು ಹೋಟೆಲು ನಂಬಿಕೆಯ ಮೇಲೆ ಇಟ್ಟುಕೊಂಡಿರುತ್ತದೆ, ಅದು ನೌಕರನ ಸಂಬಳವಲ್ಲ. ಹಾಗಾಗಿ ಸಂಬಳದಂತೆ ಅದರಲ್ಲಿ ಟಿಡಿಎಸ್ ಹಿಡಿಯಬೇಕಿಲ್ಲ. ನೌಕರ ಅದನ್ನು ಇತರ ಮೂಲಗಳ ಆದಾಯವೆಂದು ತೋರಿಸಬೇಕು. ಮೈಸೂರಿನ ಸದರ್ನ್ ಸ್ಟಾರ್ ಹೋಟೆಲಿನ ಇಎಸ್‌ಐ ಪ್ರಕರಣದಲ್ಲಿ ಅದಕ್ಕೂ ಮೊದಲೇ, ಸಿಬ್ಬಂದಿಯ ಪರವಾಗಿ ಸಂಗ್ರಹಿಸಿ ಹಂಚಿದ ಹಣ ವೇತನವಲ್ಲ ಎಂದಾಗಿತ್ತು. ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಮಾಲೀಕರು ಮರೆಯುತ್ತಾರೆ. ವೇತನವಲ್ಲ ಅಂದಮೇಲೆ ‘ಟಿಪ್ಸ್ ಸೇರಿ ಕನಿಷ್ಠ ವೇತನ ಆಗುತ್ತಲ್ಲ’ ಎಂಬ ವಾದಕ್ಕೂ ಜಾಗವಿಲ್ಲ.

ನಾನು ಬರೆಸುವುದು ಹೀಗೆ. ‘ಸಿಬ್ಬಂದಿಗೆ ಕೊಡಬೇಕಾದ ಟಿಪ್ಸ್’ ಎಂದು ಒಂದು ಖಾತೆ, ಸೇಲ್ಸ್‌ನಿಂದ ಹೊರಗೆ. ಹಂಚಿಕೆಗೆ ಪಾಯಿಂಟ್: ಕ್ಯಾಪ್ಟನ್‌ಗೆ 3, ಸಪ್ಲೈಯರ್‌ಗೆ 2, ಅಡುಗೆಮನೆಯವರಿಗೆ ಒಂದೂವರೆ, ಕ್ಲೀನರ್‌ಗೆ 1. ಪಾಯಿಂಟನ್ನು ಹಾಜರಿಯ ದಿನಗಳಿಂದ ಗುಣಿಸುವುದು. ಇಬ್ಬರು ಕ್ಯಾಪ್ಟನ್, ಆರು ಸಪ್ಲೈಯರ್, ಅಡುಗೆಮನೆಯಲ್ಲಿ ನಾಲ್ವರು, ಮೂವರು ಕ್ಲೀನರ್ ಅಂದುಕೊಳ್ಳಿ. ತಿಂಗಳಿಗೆ 26 ಕೆಲಸದ ದಿನ. ಒಬ್ಬ ಸಪ್ಲೈಯರ್ ಊರಿಗೆ ಹೋಗಿ ಬಂದು 13 ದಿನವಷ್ಟೇ ಕೆಲಸ ಮಾಡಿದ್ದಾನೆ. ಎಲ್ಲ ಕೂಡಿಸಿದರೆ 676. ಆ ತಿಂಗಳ ಟಿಪ್ಸ್ 33,800 ಬಂದಿದ್ದರೆ ಒಂದು ಪಾಯಿಂಟಿಗೆ ದಿನಕ್ಕೆ 50 ರೂಪಾಯಿ. ಕ್ಯಾಪ್ಟನ್‌ಗೆ 3,900, ಸಪ್ಲೈಯರ್‌ಗೆ 2,600, ಅಡುಗೆಯವರಿಗೆ 1,950, ಕ್ಲೀನರ್‌ಗೆ 1,300, ಊರಿಗೆ ಹೋದವನಿಗೂ 1,300. ಪಾಯಿಂಟ್ ಎಷ್ಟಿರಬೇಕೆಂಬುದಕ್ಕೆ ಸರ್ಕಾರದ ಪಟ್ಟಿ ಏನೂ ಇಲ್ಲ. ಸಿಬ್ಬಂದಿಯನ್ನು ಕೂರಿಸಿಕೊಂಡು ಒಪ್ಪಿಸಿ, ಕಾಗದದಲ್ಲಿ ಬರೆದು ಗೋಡೆಗೆ ಹಾಕಿ. ಅಡುಗೆಮನೆಗೆ ಪಾಲು ಬೇಡ ಎಂದು ಸಪ್ಲೈಯರ್‌ಗಳು ತಕರಾರು ತೆಗೆದೇ ತೆಗೆಯುತ್ತಾರೆ. ನಾನು ಅಡುಗೆಯವರ ಪರ.

ಹಂಚಿದ ದಿನ ಆ ಖಾತೆ ಸೊನ್ನೆಗೆ ಬರಬೇಕು. ಬರದಿದ್ದರೆ ಎರಡು ಕಡೆ ಹುಡುಕುತ್ತೇನೆ. ಒಂದು, ಕಾರ್ಡ್ ಯಂತ್ರದ ದಿನದ ವರದಿಯಲ್ಲಿ ಟಿಪ್ಸ್ ಎಂದು ಬಂದ ಮೊತ್ತ ಖಾತೆಗೆ ಪೂರ್ತಿ ಬಂದಿದೆಯೇ ಎಂದು. ಯುಪಿಐನಲ್ಲಿ ಇದು ಇನ್ನೂ ಕಷ್ಟ, ಯಾಕೆಂದರೆ 2,100ರ ಬಿಲ್ಲಿಗೆ 2,300 ಕಳಿಸಿದರೆ ಬ್ಯಾಂಕಿನ ಪಟ್ಟಿಯಲ್ಲಿ ಒಂದೇ ಸಾಲು; ಬಿಲ್ ಜೊತೆ ಹೋಲಿಸಿದರೆ ಮಾತ್ರ ಹೆಚ್ಚಿನ 200 ಹೊರಗೆ ಬರುತ್ತದೆ. ಎರಡನೆಯದು, ತಿಂಗಳ ನಡುವೆ ಕೆಲಸ ಬಿಟ್ಟವರ ಪಾಲು. ಅದನ್ನು ಕೊಡದೆ ಉಳಿಸಿಕೊಂಡ ಮೊತ್ತ ವರ್ಷದ ಕೊನೆಗೆ ‘ಇತರೆ ಆದಾಯ’ ಆಗಿ ಹಾರಿರುತ್ತದೆ. ಅಂಥ ಸಾಲು ಕಂಡರೆ ನಾನು ಹಾಜರಿ ಪುಸ್ತಕ ತರಿಸಿ, ಬಿಟ್ಟು ಹೋದವರ ದಿನಗಳಿಗೆ ಪಾಯಿಂಟ್ ಹಾಕಿ, ಅವರ ಬ್ಯಾಂಕ್ ಖಾತೆಗೆ ಕಳಿಸಿದ ಮೇಲೆಯೇ ಪುಸ್ತಕ ಮುಚ್ಚಿಸುತ್ತೇನೆ.