ನೆಲ್ಲಿಕಾಯಿ ರಸ ಮತ್ತು ಅತ್ತೆಯ ಸಕ್ಕರೆ ಡೈರಿ

ಅತ್ತೆ ತಮ್ಮ ಡೈರಿ ತಂದು ನನ್ನ ಮುಂದೆ ಇಟ್ಟರು. ಮೂರು ವಾರದ ಹಿಂದೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದಾಗ ಸಕ್ಕರೆ 138 ಇತ್ತು. ಈಗ 126. ನಡುವೆ ಹೊಸದಾಗಿ ಸೇರಿದ್ದು ಒಂದೇ: ದಿನಾ ಎದ್ದ ಕೂಡಲೇ 30 ಮಿ.ಲೀ. ನೆಲ್ಲಿಕಾಯಿ ರಸ. "ಇಳಿದಿದೆ ನೋಡು" ಅಂದರು. ಮರುಕ್ಷಣವೇ ಎದೆಯ ನಡುವೆ ಕೈಯಿಟ್ಟುಕೊಂಡು, "ಆದರೆ ಇಲ್ಲಿ ಉರಿ ಶುರುವಾಗಿದೆ" ಅಂದರು.

ಸಕ್ಕರೆ ಇಳಿದದ್ದು ರಸದಿಂದಲೇನಾ? ಉರಿ ಬಂದದ್ದು ರಸದಿಂದಲೇನಾ? ಎರಡನ್ನೂ ಸರಿಯಾಗಿ ನೋಡಬೇಕು ಅನ್ನಿಸಿತು.

ಮೊದಲು ಆ 30 ಮಿ.ಲೀ.ನಲ್ಲಿ ಏನಿದೆ ಅಂತ ನೋಡೋಣ. ನೆಲ್ಲಿಕಾಯಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ವಿಟಮಿನ್ ಸಿ. ಹಳೆಯ ಆಹಾರ ಕೋಷ್ಟಕಗಳಲ್ಲಿ 100 ಗ್ರಾಂ ನೆಲ್ಲಿಕಾಯಿಗೆ 600 ಮಿಲಿಗ್ರಾಂ ಅಂತ ಇರುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊಸದಾಗಿ ಅಳೆದು ಪ್ರಕಟಿಸಿದ ಕೋಷ್ಟಕದಲ್ಲಿ ಅದು ಸುಮಾರು 250. ಅರ್ಧಕ್ಕಿಂತ ಕಡಿಮೆ! ತಳಿ, ಕಾಯಿ ಎಷ್ಟು ಬಲಿತಿದೆ ಅನ್ನುವುದರಿಂದಲೂ ವ್ಯತ್ಯಾಸ ಬರುತ್ತದೆ. ಅಳೆಯುವ ವಿಧಾನದಿಂದಲೂ ಬರುತ್ತದೆ. ಹಳೆಯ ವಿಧಾನದಲ್ಲಿ ರಸಕ್ಕೆ ಒಂದು ಬಣ್ಣದ ದ್ರಾವಣವನ್ನು ತೊಟ್ಟು ತೊಟ್ಟಾಗಿ ಹಾಕಿ, ಬಣ್ಣ ಯಾವಾಗ ಮಾಯವಾಗದೆ ಉಳಿಯುತ್ತದೆ ಅಂತ ನೋಡುತ್ತಾರೆ. ವಿಟಮಿನ್ ಸಿ ಬಣ್ಣ ತೆಗೆಯುತ್ತದೆ, ನಿಜ. ಆದರೆ ಆ ಕೆಲಸ ಮಾಡಬಲ್ಲ ಬೇರೆ ವಸ್ತುಗಳೂ ನೆಲ್ಲಿಕಾಯಿಯಲ್ಲಿ ತುಂಬಾ ಇವೆ. ಹೊಸ ವಿಧಾನದಲ್ಲಿ ಒಂದೊಂದು ವಸ್ತುವನ್ನೂ ಬೇರ್ಪಡಿಸಿ ಅಳೆಯುತ್ತಾರೆ. ಹಾಗಾಗಿ ನಾನು 250ನ್ನೇ ನಂಬಿ ಲೆಕ್ಕ ಹಾಕುತ್ತೇನೆ.

ನೀರು ಬೆರೆಸದ 30 ಮಿ.ಲೀ. ತಾಜಾ ರಸದಲ್ಲಿ ಆಗ ಸುಮಾರು 75 ಮಿಲಿಗ್ರಾಂ ವಿಟಮಿನ್ ಸಿ ಇದ್ದಂತಾಯಿತು. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಹೆಚ್ಚುಕಡಿಮೆ ಅಷ್ಟೇ. ಒಂದು ದೊಡ್ಡ ನೆಲ್ಲಿಕಾಯಿ ಇಡೀ ತಿಂದರೂ ದಿನದ ಪಾಲು ಮುಗಿಯುತ್ತದೆ. ಜಾಸ್ತಿ ಕುಡಿದರೆ ಜಾಸ್ತಿ ಲಾಭ ಅಂತಲ್ಲ. ದಿನಕ್ಕೆ 200 ಮಿಲಿಗ್ರಾಂ ದಾಟಿದ ಮೇಲೆ ರಕ್ತದಲ್ಲಿ ಅದರ ಮಟ್ಟ ಏರುವುದು ನಿಧಾನವಾಗುತ್ತದೆ, 400ರ ಹೊತ್ತಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಉಳಿದದ್ದನ್ನು ಮೂತ್ರಪಿಂಡ ಹೊರಗೆ ಕಳಿಸುತ್ತದೆ.

ಅತ್ತೆ ಭಾನುವಾರ ಹತ್ತು ಕಾಯಿ ತುರಿದು, ಹಿಂಡಿ, ಬಾಟಲಿಗೆ ತುಂಬಿ ವಾರವಿಡೀ ಕುಡಿಯುತ್ತಾರೆ. ಇಲ್ಲೊಂದು ಸಮಸ್ಯೆ ಇದೆ. ಕಾಯಿ ಇಡಿಯಾಗಿದ್ದಾಗ ವಿಟಮಿನ್ ಸಿ ಭದ್ರವಾಗಿರುತ್ತದೆ. ತುರಿದ ಕೂಡಲೇ ಗಾಳಿ ತಾಗುತ್ತದೆ, ಅದನ್ನು ಒಡೆಯುವ ಕಿಣ್ವವೂ ಬಿಡುಗಡೆಯಾಗುತ್ತದೆ. ಬೆಳಕು, ಬಿಸಿ, ತಾಮ್ರ ಎಲ್ಲವೂ ಈ ಕೆಲಸವನ್ನು ಚುರುಕು ಮಾಡುತ್ತವೆ. ರಸ ಹುಳಿಯಾಗಿರುವುದರಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ, ಪೂರ್ತಿ ಅಲ್ಲ. ಮೊದಲ ದಿನ ತಿಳಿ ಹಸಿರಾಗಿದ್ದ ರಸ ಗುರುವಾರದ ಹೊತ್ತಿಗೆ ಕಂದು ತಿರುಗಿತ್ತು. ಆ ಬಣ್ಣಕ್ಕೆ ಕಾಯಿಯ ಬೇರೆ ವಸ್ತುಗಳೂ ಕಾರಣ. ಆದರೆ ಗಾಳಿ ತನ್ನ ಕೆಲಸ ಮಾಡಿದೆ ಅನ್ನುವುದಕ್ಕೆ ಅದೇ ಗುರುತು.

ವಿಟಮಿನ್ ಅರ್ಧ ಹೋದರೆ ಸಕ್ಕರೆಗೆ ಸಿಗುವ ಲಾಭವೂ ಅರ್ಧ ಹೋಯಿತಾ? ಇಲ್ಲ. ಯಾಕೆಂದರೆ ಸಕ್ಕರೆಯ ಮೇಲೆ ಕೆಲಸ ಮಾಡುವುದು ಮುಖ್ಯವಾಗಿ ವಿಟಮಿನ್ ಸಿ ಅಲ್ಲ, ಒಗರು.

ನೆಲ್ಲಿಕಾಯಿ ಕಚ್ಚಿದಾಗ ನಾಲಿಗೆ ಒರಟಾಗಿ ಬಾಯಿ ಒಣಗಿದಂತೆ ಆಗುತ್ತದಲ್ವಾ? ಅದು ಟ್ಯಾನಿನ್‌ಗಳ ಕೆಲಸ. ಜೊಲ್ಲಿನಲ್ಲಿರುವ ನುಣುಪಾದ ಪ್ರೋಟೀನಿಗೆ ಟ್ಯಾನಿನ್ ಅಂಟಿಕೊಳ್ಳುತ್ತದೆ, ನುಣುಪು ಹೋಗುತ್ತದೆ. ಕಾಯಿಯನ್ನು ಕಬ್ಬಿಣದ ಚಾಕುವಿನಲ್ಲಿ ಹೆಚ್ಚಿದರೆ ಅಂಚು ಕಪ್ಪಾಗುವುದೂ ಇದೇ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಳ್ಳುವುದರಿಂದ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳೂ ಪ್ರೋಟೀನುಗಳೇ. ಒಗರು ಅವಕ್ಕೂ ಅಂಟಿಕೊಂಡು ವೇಗ ತಗ್ಗಿಸುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ವೇಗ ತಗ್ಗಿದರೆ ಊಟದ ನಂತರ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯಬೇಕು. ಇದು ನಿಜವಾದರೆ ರಸ ಊಟದ ಜೊತೆಗಿರಬೇಕು. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅಲ್ಲಿ ತಡೆಯಲು ಪಿಷ್ಟವೇ ಇರುವುದಿಲ್ಲ.

ಮನುಷ್ಯರ ಮೇಲೆ ನಡೆದ ಅಧ್ಯಯನಗಳೂ ಇವೆ. 2011ರಲ್ಲಿ ಪಾಕಿಸ್ತಾನದ ಸಂಶೋಧಕರು ದಿನಕ್ಕೆ 1, 2 ಅಥವಾ 3 ಗ್ರಾಂ ನೆಲ್ಲಿಕಾಯಿ ಪುಡಿಯನ್ನು 21 ದಿನ ಕೊಟ್ಟು ನೋಡಿದರು. ಸಕ್ಕರೆ ಕಾಯಿಲೆ ಇದ್ದವರಲ್ಲೂ ಇಲ್ಲದವರಲ್ಲೂ ರಕ್ತದ ಸಕ್ಕರೆ ಇಳಿಯಿತು ಅಂತ ಬರೆದರು. ಆಸೆ ಹುಟ್ಟಿಸುವ ಫಲಿತಾಂಶವೇ. ಆದರೆ ಜನ ಕಡಿಮೆ, ದಿನಗಳೂ ಕಡಿಮೆ. ಇನ್ನೂ ಮುಖ್ಯವಾಗಿ, ಅದು ಪುಡಿ, ಸೋಸಿದ ರಸವಲ್ಲ. ಸೋಸುವ ಬಟ್ಟೆಯಲ್ಲಿ ಉಳಿಯುವ ಚರಟದಲ್ಲಿ ನಾರೆಲ್ಲ ಹೋಗುತ್ತದೆ, ಒಗರಿನ ಒಂದು ಪಾಲೂ ಹೋಗುತ್ತದೆ.

ಈಗ ಅತ್ತೆಯ 138 ಮತ್ತು 126ಕ್ಕೆ ಬರೋಣ. ಮನೆಯ ಗ್ಲುಕೋಮೀಟರ್ ಎಷ್ಟು ಖಚಿತವಾಗಿರಬೇಕು ಅನ್ನುವುದಕ್ಕೆ ಅಂತರರಾಷ್ಟ್ರೀಯ ಮಾನದಂಡ ಇದೆ. ಸಕ್ಕರೆ 100 ಮತ್ತು ಅದಕ್ಕಿಂತ ಮೇಲಿದ್ದರೆ ನೂರರಲ್ಲಿ 95 ಸಲ, ತೋರಿಸುವ ಸಂಖ್ಯೆ ನಿಜವಾದದ್ದಕ್ಕಿಂತ ಶೇ. 15ರೊಳಗೆ ಆಚೀಚೆ ಇದ್ದರೆ ಸಾಕು. ಅಂದರೆ ನಿಜವಾದ ಸಕ್ಕರೆ 130 ಇದ್ದಾಗ ಮೀಟರ್ 111 ತೋರಿಸಿದರೂ, 149 ತೋರಿಸಿದರೂ ಅದು ಸರಿಯಾದ ಮೀಟರೇ. ಹಾಗಿರುವಾಗ 12ರ ಇಳಿಕೆ ಇಳಿಕೆಯೇ ಅಲ್ಲದಿರಬಹುದು. ಅದರ ಮೇಲೆ ಹಿಂದಿನ ರಾತ್ರಿಯ ಊಟ, ನಿದ್ದೆ, ನಡಿಗೆ ಎಲ್ಲ ಸೇರುತ್ತವೆ. ಒಂದೊಂದು ಸಂಖ್ಯೆ ಹಿಡಿದು ಹೇಳಲಾಗದು. ಎರಡು ವಾರದ ಸಂಖ್ಯೆಗಳ ಸರಾಸರಿ ತೆಗೆದು ಹೋಲಿಸಬೇಕು. ಅದಕ್ಕಿಂತ ಗಟ್ಟಿಯಾದದ್ದು ಎಚ್‌ಬಿಎ1ಸಿ. ಎರಡು ಮೂರು ತಿಂಗಳ ಸಕ್ಕರೆಯನ್ನು ಅದು ಒಟ್ಟಾಗಿ ಹೇಳುತ್ತದೆ. ಮೂರು ವಾರಕ್ಕೆ ಅದನ್ನು ಮಾಡಿಸಿ ಏನೂ ಪ್ರಯೋಜನವಿಲ್ಲ.

ಕೊಲೆಸ್ಟ್ರಾಲ್ ವಿಷಯದಲ್ಲಿ ಪುರಾವೆ ಸ್ವಲ್ಪ ಮೇಲು. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. 35ರಿಂದ 55 ವರ್ಷದ ಗಂಡಸರಿಗೆ 28 ದಿನ ಹಸಿ ನೆಲ್ಲಿಕಾಯಿ ಕೊಟ್ಟರು. ಕೊಲೆಸ್ಟ್ರಾಲ್ ಇಳಿಯಿತು. ಅಲ್ಲಿಗೇ ಬಿಡದೆ ಕಾಯಿ ಕೊಡುವುದನ್ನು ನಿಲ್ಲಿಸಿ ಎರಡು ವಾರ ಕಾದರು. ಕೊಲೆಸ್ಟ್ರಾಲ್ ಜಾಸ್ತಿ ಇದ್ದವರಲ್ಲಿ ಅದು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೇ ಏರಿತು. ಕೊಟ್ಟಾಗ ಇಳಿದು, ಬಿಟ್ಟಾಗ ಏರಿದರೆ ಕಾಯಿಯದ್ದೇ ಕೈವಾಡ ಇರಬಹುದು ಅನ್ನಲು ಬಲ ಬರುತ್ತದೆ. ನಿಲ್ಲಿಸಿದರೆ ಲಾಭವೂ ನಿಲ್ಲುತ್ತದೆ ಅನ್ನುವುದೂ ಅದರಲ್ಲೇ ಇದೆ. ಆಮೇಲಿನ ಪ್ರಯೋಗಗಳಲ್ಲಿ ನೆಲ್ಲಿಕಾಯಿ ಸತ್ವದ 500 ಮಿಲಿಗ್ರಾಂ ಗುಳಿಗೆ ಬಳಸಿದರು. ಅಲ್ಲೂ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಇಳಿದದ್ದು ಕಂಡಿದೆ. ಹಾಗಂತ ಸ್ಟಾಟಿನ್ ಮಾತ್ರೆ ಬಿಟ್ಟು ರಸ ಹಿಡಿಯುವುದು ತಪ್ಪು. ಸ್ಟಾಟಿನ್ ಹೃದಯಾಘಾತವನ್ನು ಕಡಿಮೆ ಮಾಡುತ್ತದೆ ಅಂತ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡಿದ್ದಾರೆ. ನೆಲ್ಲಿಕಾಯಿಯ ಪ್ರಯೋಗಗಳು ಕೆಲವು ವಾರ ರಕ್ತದ ಸಂಖ್ಯೆ ನೋಡಿದವು, ಅಷ್ಟೇ.

ಇನ್ನು ಅತ್ತೆಯ ಎದೆ ಉರಿ. ನೆಲ್ಲಿಕಾಯಿ ರಸದ ಪಿಎಚ್ 3ರ ಆಸುಪಾಸು, ಈ ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಹೊಟ್ಟೆಯೊಳಗಿನ ಆಮ್ಲ ಅದಕ್ಕಿಂತಲೂ ಹುಳಿ, 1.5ರಿಂದ 2. ಹಾಗಾಗಿ ರಸ ಹೊಟ್ಟೆಯನ್ನು ಹೊಸದಾಗಿ ಹುಳಿ ಮಾಡುತ್ತದೆ ಅನ್ನುವುದು ಸರಿಯಲ್ಲ. ತೊಂದರೆ ಇರುವುದು ಮೇಲೆ, ಅನ್ನನಾಳದಲ್ಲಿ. ಹೊಟ್ಟೆಗೆ ಆಮ್ಲ ತಡೆದುಕೊಳ್ಳುವ ದಪ್ಪ ಲೋಳೆಯ ಹೊದಿಕೆ ಇದೆ, ಅನ್ನನಾಳಕ್ಕೆ ಅಂಥದ್ದಿಲ್ಲ. ಹುಳಿ ಆಗಾಗ ಮೇಲೆ ಬಂದು ಅದರ ಒಳಪದರ ಮೊದಲೇ ಕೆರಳಿದ್ದರೆ, ರಸ ಇಳಿಯುವಾಗಲೇ ಗಾಯಕ್ಕೆ ಹುಳಿ ತಾಗಿದಂತೆ ಉರಿಯುತ್ತದೆ. ಪೆಪ್ಸಿನ್ ಅನ್ನುವ ಜೀರ್ಣ ಕಿಣ್ವ ಹುಳಿಯ ಜೊತೆ ಮೇಲೆ ಬಂದು ಅಲ್ಲೇ ಅಂಟಿಕೊಂಡಿರಬಹುದು. ಹುಳಿ ತಾಗಿದಾಗ ಅದು ಮತ್ತೆ ಚುರುಕಾಗುತ್ತದೆ.

ಇದಕ್ಕೆ ತದ್ವಿರುದ್ಧ ಅನ್ನಿಸುವ ಸಂಗತಿಯೂ ಒಂದಿದೆ. 2018ರಲ್ಲಿ ಇರಾನಿನಲ್ಲಿ ಎದೆ ಉರಿ ಇರುವವರಿಗೇ ನಾಲ್ಕು ವಾರ ನೆಲ್ಲಿಕಾಯಿ ಮಾತ್ರೆ ಕೊಟ್ಟರು. ಉರಿ ಮತ್ತು ಹುಳಿ ತೇಗು ಕಡಿಮೆಯಾಯಿತು. ಹಾಗಾದರೆ "ನೆಲ್ಲಿಕಾಯಿ ಅಸಿಡಿಟಿಗೆ ಒಳ್ಳೆಯದು" ಅನ್ನುವ ಮಾತು ಸರಿನಾ? ಅವರು ಕೊಟ್ಟದ್ದು ಮಾತ್ರೆ, ಅದೂ ಊಟದ ನಂತರ. ಮಾತ್ರೆ ಅನ್ನನಾಳಕ್ಕೆ ಹುಳಿ ತಾಗಿಸದೆ ಇಳಿಯುತ್ತದೆ, ಕೆಳಗೆ ಅನ್ನದ ಜೊತೆ ಬೆರೆಯುತ್ತದೆ. ಖಾಲಿ ಹೊಟ್ಟೆಯ ಗಟ್ಟಿ ರಸಕ್ಕೆ ಆ ಫಲಿತಾಂಶವನ್ನು ಅಂಟಿಸಬಾರದು.

ಅತ್ತೆಗೆ ಹೇಳಿದೆ, ಹತ್ತು ದಿನ ರಸ ಪೂರ್ತಿ ಬಿಡಿ, ಬೇರೇನೂ ಬದಲಿಸಬೇಡಿ ಅಂತ. ನಾಲ್ಕನೇ ದಿನಕ್ಕೆ ಉರಿ ಹೋಯಿತು. ಆಮೇಲೆ ಮತ್ತೆ ಶುರು ಮಾಡಿದರು, ಈ ಸಲ 15 ಮಿ.ಲೀ., ದೊಡ್ಡ ಲೋಟ ನೀರಿನಲ್ಲಿ ಬೆರೆಸಿ, ಮಧ್ಯಾಹ್ನದ ಊಟದ ಜೊತೆ. ಉರಿ ಬರಲಿಲ್ಲ. ಒಂದು ದಿನ ಹಳೆ ಅಭ್ಯಾಸದಂತೆ ಬೆಳಿಗ್ಗೆ ಗಟ್ಟಿಯಾಗಿ ಕುಡಿದರು, ಅರ್ಧ ಗಂಟೆಯಲ್ಲಿ ಉರಿ ಹಾಜರ್. ಅವರ ಮಟ್ಟಿಗೆ ಉತ್ತರ ಸಿಕ್ಕಿತು. ನಿಲ್ಲಿಸಿದ ಮೇಲೂ ಉರಿ ಎರಡು ವಾರ ಉಳಿದಿದ್ದರೆ, ನುಂಗುವಾಗ ತಡೆದಂತಾಗಿದ್ದರೆ, ಮಲ ಕಪ್ಪಾಗಿದ್ದರೆ, ತೂಕ ಸುಮ್ನೆ ಇಳಿದಿದ್ದರೆ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರದೆ ವೈದ್ಯರ ಹತ್ತಿರ ಹೋಗಲೇಬೇಕಿತ್ತು. ಕುಡಿದ ಕೂಡಲೇ ಹಲ್ಲುಜ್ಜಬೇಡಿ ಅಂತಲೂ ಹೇಳಿದೆ. ಹುಳಿ ತಾಗಿದ ಹಲ್ಲಿನ ಮೇಲ್ಪದರ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ, ಉಜ್ಜಿದರೆ ಸವೆಯುತ್ತದೆ.

ಅತ್ತೆ ತೆಗೆದುಕೊಳ್ಳುವುದು ಮೆಟ್‌ಫಾರ್ಮಿನ್ ಒಂದೇ. ಅದರಿಂದ ಸಕ್ಕರೆ ತೀರಾ ಕುಸಿಯುವ ಭಯ ಕಡಿಮೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯ ಬೇರೆ. ರಸ ನಿಜವಾಗಿಯೂ ಕೆಲಸ ಮಾಡಿದರೆ ಅವರಿಗೇ ಅಪಾಯ. ಬೆವರು, ನಡುಕ, ತಲೆ ಸುತ್ತು ಬಂದರೆ ಮೊದಲು ಸಕ್ಕರೆ ನೋಡಿಕೊಳ್ಳಬೇಕು. ರಸ ಶುರು ಮಾಡಿರುವುದನ್ನು ವೈದ್ಯರಿಗೆ ಹೇಳಲೂಬೇಕು. ರಕ್ತ ತೆಳು ಮಾಡುವ ಮಾತ್ರೆ ನುಂಗುವವರೂ, ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರೂ ಕೇಳಿಯೇ ಕುಡಿಯಬೇಕು. ಮಿತಿಮೀರಿದ ವಿಟಮಿನ್ ಸಿಯ ಒಂದು ಪಾಲು ದೇಹದಲ್ಲಿ ಆಕ್ಸಲೇಟ್ ಆಗಿ ಬದಲಾಗುತ್ತದೆ, ಕಲ್ಲು ಕಟ್ಟುವುದು ಹೆಚ್ಚಾಗಿ ಆ ಆಕ್ಸಲೇಟಿನಿಂದಲೇ.

ಮೊನ್ನೆ ಅತ್ತೆಯ ಮೀಟರ್ 171 ತೋರಿಸಿತು. ಗಾಬರಿಯಾದರು. ಆಗಷ್ಟೇ ನೆಲ್ಲಿಕಾಯಿ ತುರಿದು, ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಂದಿದ್ದರು. ಬೆರಳಲ್ಲಿ ಉಳಿದ ರಸದಲ್ಲಿ ಒಂದಿಷ್ಟು ಸಕ್ಕರೆ ಇರುತ್ತದೆ. ಕೆಲವು ಮೀಟರುಗಳು ವಿಟಮಿನ್ ಸಿಯನ್ನೇ ಸಕ್ಕರೆ ಅಂತ ಎಣಿಸುವುದೂ ಉಂಟು. ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿ, ಬೇರೆ ಬೆರಳಿನಲ್ಲಿ ನೋಡಿದಾಗ 131. ಡೈರಿಯಲ್ಲಿ 171ನ್ನು ಹೊಡೆದು ಹಾಕಲಿಲ್ಲ ಅವರು, ಪಕ್ಕದಲ್ಲಿ "ಕೈ ತೊಳೆದಿರಲಿಲ್ಲ" ಅಂತ ಬರೆದಿಟ್ಟರು.