ಎಲ್ಲಿ ನಿಲ್ಲಿಸಬೇಕು?

1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದ. ಹುಡುಗ ಚುರುಕು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಅಚ್ಚಾದ ಪದ ಮಾತ್ರ ಅವನಿಗೆ ಒಲಿಯದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೆಲ್ಲ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ಓದಿನ ಈ ತೊಡಕಿಗೆ ಈಗ ಡಿಸ್ಲೆಕ್ಸಿಯಾ ಎನ್ನುತ್ತಾರೆ. ಅದಿರುವ ಮಗುವಿಗೆ ಉದ್ದದ ಪಾಠವನ್ನು ಆಡಿಯೊದಲ್ಲಿ ಕೇಳಿಸುವಾಗ ಎಲ್ಲಿ ನಿಲ್ಲಿಸಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಆ ಮೇಷ್ಟ್ರು ಕಿವಿಯತ್ತ ಬೆರಳು ತೋರಿಸಿದ್ದರು. ನಂತರದವರು ಬಹುಕಾಲ ಕಣ್ಣಿನ ಹಿಂದೆಯೇ ಬಿದ್ದರು. ಡಿಸ್ಲೆಕ್ಸಿಯಾ ಇರುವವರಿಗೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕಾಣುತ್ತದೆ ಎಂಬ ನಂಬಿಕೆ ಇವತ್ತಿಗೂ ಓಡಾಡುತ್ತಿದೆ. ಓದು ಕಲಿಯುವ ಹೊತ್ತಿನಲ್ಲಿ ಬಹಳಷ್ಟು ಮಕ್ಕಳು ಅಕ್ಷರ ತಿರುಗಿಸಿ ಬರೆಯುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಬಣ್ಣದ ಕನ್ನಡಕ ಹಾಕಿಸಿದರೆ ಸರಿಹೋಗುತ್ತದೆ ಎನ್ನುವವರಿಗೂ ಗಟ್ಟಿ ಪುರಾವೆಯ ಬೆಂಬಲವಿಲ್ಲ. ಹೆಚ್ಚಿನವರಲ್ಲಿ ತೊಡಕಿರುವುದು ಅಕ್ಷರದಿಂದ ಧ್ವನಿಗೆ ಹೋಗುವ ದಾರಿಯಲ್ಲಿ. ನಮಗೆ ಅರಿವಿಲ್ಲದೆ ನಡೆದುಹೋಗುವ ಆ ಕೆಲಸಕ್ಕೆ ಅವರು ಪ್ರತಿ ಪದದಲ್ಲೂ ಶ್ರಮ ತೆರಬೇಕು.

ಚಿಕ್ಕ ವಾಕ್ಯದಲ್ಲಿ ಈ ಶ್ರಮ ನಡೆದುಹೋಗುತ್ತದೆ. ಹದಿಹರೆಯಕ್ಕೆ ಬಂದ ಮೇಲೆ ಪಾಠಗಳು ಪುಟಗಟ್ಟಲೆ ಉದ್ದವಾಗುತ್ತವೆ, ಅಲ್ಲಿ ಕೈಕೊಡುತ್ತದೆ. ಮನಸ್ಸಿನ ಕೆಲಸದ ಜಾಗ ಬೊಗಸೆಯಿದ್ದಂತೆ. ಬಿಡಿಸಿ ಓದುವ ಕಲ್ಲುಗಳೇ ಅದನ್ನು ತುಂಬಿದ್ದರೆ ಅರ್ಥದ ನೀರಿಗೆ ಜಾಗವೆಲ್ಲಿ? ಇಲ್ಲವೇ ಹೀಗೆ ನೋಡಿ: ಒಬ್ಬನೇ ಗಾರೆಯವನು ಇಟ್ಟಿಗೆಯನ್ನೂ ಸುಡಬೇಕು, ಗೋಡೆಯನ್ನೂ ಕಟ್ಟಬೇಕು. ಹತ್ತನೇ ಇಟ್ಟಿಗೆ ಸುಟ್ಟು ಬರುವಷ್ಟರಲ್ಲಿ ಮೊದಲನೆಯದನ್ನು ಎಲ್ಲಿಟ್ಟೆ ಎಂಬುದೇ ನೆನಪಿಲ್ಲ. ಕನ್ನಡದಲ್ಲಿ ಇದು ಇನ್ನೂ ಕಷ್ಟವಾಗಬಹುದು, ಏಕೆಂದರೆ ನಮ್ಮ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಅದು ಸಿಗುವ ತನಕ ಉಳಿದದ್ದನ್ನೆಲ್ಲ ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕು.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಇದನ್ನೊಂದು ಗುಣಾಕಾರವಾಗಿ ಬರೆದರು: ಓದಿ ಅರ್ಥವಾಗುವುದು ಎಂದರೆ ಪದ ಬಿಡಿಸುವ ಶಕ್ತಿ ಗುಣಿಸು ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ. ಕೂಡಿಸುವುದಲ್ಲ, ಗುಣಿಸುವುದು, ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆ. ಆದ್ದರಿಂದ ಪಾಠವನ್ನು ಗಟ್ಟಿಯಾಗಿ ಓದುವ ಯಾವ ಆ್ಯಪ್ ಹುಡುಕುವ ಮೊದಲೂ ಮಾಡಬೇಕಾದ ಪರೀಕ್ಷೆ ಒಂದಿದೆ. ಒಂದೇ ಮಟ್ಟದ ಎರಡು ಪುಟ ತೆಗೆದುಕೊಳ್ಳಿ. ಒಂದನ್ನು ಮಗು ತಾನೇ ಓದಿ, ಅರ್ಥವಾದದ್ದನ್ನು ತನ್ನ ಮಾತಿನಲ್ಲಿ ಹೇಳಲಿ, ಇನ್ನೊಂದನ್ನು ನೀವು ಓದಿ ಕೇಳಿಸಿದ ಮೇಲೆ ಹೇಳಲಿ. ಕೇಳಿದ್ದು ಚೆನ್ನಾಗಿ ಬಂದು ಓದಿದ್ದು ಕುಸಿದರೆ ಆಡಿಯೊ ಕೆಲಸಕ್ಕೆ ಬರುತ್ತದೆ. ಎರಡೂ ಕುಸಿದರೆ ಪದಸಂಪತ್ತು, ಭಾಷೆ ಅಥವಾ ಗಮನದ ಕಡೆ ನೋಡಬೇಕು, ಆಗ ಆಡಿಯೊ ಒಂದೇ ಸಾಲದು.

ನನ್ನ ಅಕ್ಕನ ಮಗನಿಗೆ ಹದಿನೈದು. ಕೇಳಿದ ಪುಟವನ್ನು ಅವನು ಬಣ್ಣ ಕಟ್ಟಿ ಹೇಳಿದ. ಓದಿದ ಪುಟದಲ್ಲಿ ಎರಡು ಹೆಸರು ಮಾತ್ರ ಉಳಿದಿದ್ದವು. ಸರಿ, ಪಾಠವನ್ನೆಲ್ಲ ಮೊಬೈಲಿಗೆ ಓದಲು ಬಿಟ್ಟರಾಯಿತು ಎಂದುಕೊಂಡೆವು. ಹನ್ನೆರಡು ನಿಮಿಷದ ಆಡಿಯೊ ಮುಗಿದಾಗ ಅವನಿಗೆ ನೆನಪಿದ್ದದ್ದು ಮೊದಲ ಮೂರು ನಿಮಿಷ.

ತಪ್ಪು ನಮ್ಮದೇ. ಪುಟ ನಿಂತಲ್ಲೇ ನಿಂತಿರುತ್ತದೆ, ಧ್ವನಿ ನಿಲ್ಲುವುದಿಲ್ಲ. ಒಳ್ಳೆಯ ಓದುಗನ ಕಣ್ಣೂ ಸುಮ್ಮನೆ ಮುಂದೆ ಓಡುವುದಿಲ್ಲ, ಆಗಾಗ ಹಿಂದಕ್ಕೆ ಹಾರಿ ಸಂಶಯ ತೀರಿಸಿಕೊಳ್ಳುತ್ತದೆ. ಓದಿ ದಾಟಿದ ಪದಗಳನ್ನು ಮರೆಮಾಡಿ ಈ ಹಿನ್ನೋಟವನ್ನು ತಡೆದಾಗ ಅರ್ಥಗ್ರಹಣ ಕುಗ್ಗಿದ್ದನ್ನು 2014ರಲ್ಲಿ ಶಾಟರ್, ಟ್ರಾನ್ ಮತ್ತು ರೇನರ್ ತೋರಿಸಿದರು. ಆಡಿಯೊ ಪದ ಬಿಡಿಸುವ ಶ್ರಮವನ್ನು ಕಳೆಯುತ್ತದೆ, ಜೊತೆಗೆ ಈ ಹಿನ್ನೋಟವನ್ನೂ ಕಸಿದುಕೊಳ್ಳುತ್ತದೆ. ಕಸಿದದ್ದನ್ನು ವಿರಾಮದ ಗುಂಡಿಯ ಮೂಲಕ ಮರಳಿ ಕೊಡಬೇಕು.

ಎಲ್ಲಿ ಒತ್ತುವುದು? ಆ ಪಾಠ 1854ರ ಲಂಡನ್ನಿನ ಕಾಲರಾ ಬಗ್ಗೆ ಇತ್ತು. ಅದರ ಒಂದು ವಾಕ್ಯ ಹೀಗಿತ್ತು:

"ರೋಗ ನೀರಿನಿಂದ ಹರಡುತ್ತದೆಂದು ಶಂಕಿಸಿದ್ದ ಜಾನ್ ಸ್ನೋ, ಸತ್ತವರ ವಿಳಾಸಗಳನ್ನು ಕಲೆಹಾಕಿ, ಅವರಲ್ಲಿ ಹೆಚ್ಚಿನವರು ಬ್ರಾಡ್ ಸ್ಟ್ರೀಟಿನ ಪಂಪಿನ ಬಳಿ ಇದ್ದವರೆಂದು ತೋರಿಸಿ, ಪಂಪಿನ ಹಿಡಿಯನ್ನು ತೆಗೆಸಲು ಅಧಿಕಾರಿಗಳನ್ನು ಒಪ್ಪಿಸಿದ."

ಇದರಲ್ಲಿ ನಾಲ್ಕು ಕೆಲಸಗಳಿವೆ: ಶಂಕಿಸಿದ, ಕಲೆಹಾಕಿದ, ತೋರಿಸಿದ, ಒಪ್ಪಿಸಿದ. ಪೆನ್ಸಿಲಿನಲ್ಲಿ ಪ್ರತಿ ಕೆಲಸ ಮುಗಿದ ಕಡೆ ಓರೆಗೆರೆ ಎಳೆದೆವು. ಇದು ವಾಕ್ಯದೊಳಗಿನ ತುಂಡು, ಇಂಥ ಉದ್ದ ವಾಕ್ಯಕ್ಕೆ ಮಾತ್ರ ಬೇಕು. ಇಡೀ ಪಾಠಕ್ಕೆ ದೊಡ್ಡ ತುಂಡು ಸಾಕು, ಮೂರರಿಂದ ಐದು ವಾಕ್ಯ. ಸಾಲು ಎಣಿಸಿ ಕತ್ತರಿಸಬಾರದು. ವಿಷಯ ತಿರುಗುವ ಕಡೆ, 'ಆದರೆ', 'ಆದ್ದರಿಂದ', 'ಇದಕ್ಕೆ ವಿರುದ್ಧವಾಗಿ' ಎಂಬ ಪದಗಳಿಗೆ ಸ್ವಲ್ಪ ಮುಂಚೆ ಕತ್ತರಿಸಬೇಕು. ಪಂಪಿನ ಪಕ್ಕದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಬದುಕುಳಿದ ಸಂಗತಿ ಹೊಸ ತುಂಡು, ಏಕೆಂದರೆ ಅದು ಸ್ನೋನ ವಾದವನ್ನು ಕೆಡಿಸುವಂತೆ ಕಂಡು ಕೊನೆಗೆ ಗಟ್ಟಿ ಮಾಡುತ್ತದೆ: ಅವರು ಆ ಪಂಪಿನ ನೀರು ಕುಡಿಯುತ್ತಿರಲಿಲ್ಲ. ಹಾಗೆ ಇಡೀ ಪಾಠ ಏಳು ತುಂಡಾಯಿತು.

ಪ್ರತಿ ತುಂಡಿನ ಕೊನೆಗೆ ಆಡಿಯೊ ನಿಲ್ಲಿಸಿ ಐದಾರು ಸೆಕೆಂಡು ಮೌನ. ಆಮೇಲೆ ಅವನು ಎರಡು ಮೂರು ಪದ ಹೇಳಬೇಕು, ಅದನ್ನು ಬರೆದುಕೊಳ್ಳುವ ಕೆಲಸ ನನ್ನದು. ಬರೆಯುವುದೂ ಅವನಿಗೆ ಓದಿನಷ್ಟೇ ಭಾರ. ಅದನ್ನೂ ಹೇರಿದರೆ ಬೊಗಸೆಗೆ ಮತ್ತೆ ಕಲ್ಲು ಸುರಿದಂತೆ. "ಅರ್ಥ ಆಯ್ತೇನೋ?" ಎಂದು ಕೇಳಬೇಡಿ, ಆ ಪ್ರಶ್ನೆಗೆ "ಹ್ಞೂಂ" ಬಿಟ್ಟು ಬೇರೆ ಉತ್ತರ ಹುಟ್ಟುವುದೇ ಇಲ್ಲ. "ಇಲ್ಲಿ 'ಅವರು' ಅಂದ್ರೆ ಯಾರು?" ಎಂದು ಕೇಳಿ. ಸರ್ವನಾಮ ಯಾರದ್ದೆಂದು ತಪ್ಪಿದರೆ ಎಳೆ ಹರಿದದ್ದು ಅಲ್ಲೇ, ಹಿಂದಕ್ಕೆ ಹೋಗಬೇಕಾದದ್ದೂ ಅಲ್ಲಿಗೇ.

ವೇಗದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಅರ್ಥವಾಗದಿದ್ದರೆ ನಿಧಾನ ಮಾಡು ಎಂಬ ತರ್ಕದಲ್ಲಿ ನಾವು 0.6ಕ್ಕೆ ಇಳಿಸಿದೆವು. ಧ್ವನಿ ಎಳೆದೆಳೆದು ಕ್ರಿಯಾಪದ ಬರುವಷ್ಟರಲ್ಲಿ ಕರ್ತೃ ಮರೆತುಹೋಯಿತು. 0.9ಕ್ಕೆ ಏರಿಸಿ ವಿರಾಮಗಳನ್ನು ಉದ್ದ ಮಾಡಿದ ಮೇಲೆ ಸರಿಯಾಯಿತು. ತುಂಡಿನೊಳಗೆ ಮಾತಿನ ಸಹಜ ಓಟ, ತುಂಡುಗಳ ನಡುವೆ ಬಿಡುವು.

ಕಣ್ಣೂ ಪುಟದ ಮೇಲಿರಲಿ. ಓದುತ್ತಿರುವ ವಾಕ್ಯಕ್ಕೆ ಬಣ್ಣ ಹಚ್ಚುವ ಸೌಲಭ್ಯವಿದ್ದರೆ ಹಾಕಿ. ನಮ್ಮವನಿಗೆ ಪದಪದಕ್ಕೂ ಮಿನುಗುವುದು ಕಿರಿಕಿರಿಯಾಗಿತ್ತು. ಸ್ಕ್ಯಾನ್ ಮಾಡಿದ ಪುಟ ಬರೀ ಚಿತ್ರ, ಅದನ್ನು ಪಠ್ಯವಾಗಿ ಬದಲಿಸದೆ ಯಂತ್ರ ಓದಲಾರದು. 'ಕ್ರಿ.ಶ.' ಎಂಬಲ್ಲಿನ ಚುಕ್ಕಿಗೆ ವಾಕ್ಯ ಮುಗಿಯಿತೆಂದು ನಿಲ್ಲುವುದು, ಪುಟದ ತಲೆಬರಹವನ್ನು ವಾಕ್ಯದ ನಡುವೆ ತುರುಕುವುದು ಯಂತ್ರದ ಚಾಳಿ. ಕೊಡುವ ಮುಂಚೆ ನೀವೊಮ್ಮೆ ಕೇಳಿ, ಹೊಸ ಹೆಸರುಗಳನ್ನು ಮೊದಲೇ ಬಾಯಲ್ಲಿ ಹೇಳಿಸಿ.

ಇಷ್ಟಾದರೂ ಇದು ಪದ ಬಿಡಿಸುವುದನ್ನು ಕಲಿಸುವುದಿಲ್ಲ. ಅಕ್ಷರ ಮತ್ತು ಧ್ವನಿಯನ್ನು ಜೋಡಿಸುವ ಅಭ್ಯಾಸ ಬೇರೆ ಹೊತ್ತಿನಲ್ಲಿ, ಚಿಕ್ಕ ಪಠ್ಯದಲ್ಲಿ ನಡೆಯುತ್ತಲೇ ಇರಬೇಕು. ಪಾಠದ ಹೊತ್ತಿನಲ್ಲಿ ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ.

ಮೂರನೇ ವಾರ ಅವನ ಏಳು ತುಂಡು ನಾಲ್ಕಕ್ಕೆ ಇಳಿದಿತ್ತು. ಮೊನ್ನೆ ಬೇರೊಂದು ಪಾಠದಲ್ಲಿ ನಾನು ಗೆರೆ ಎಳೆದ ಕಡೆ ನಿಲ್ಲಿಸದೆ ಮುಂದೆ ಹೋದ. ಯಾಕೋ ಎಂದರೆ, "ಮಾವ, ಇಲ್ಲಿ ಇನ್ನೂ ಅದೇ ವಿಷ್ಯ ನಡೀತಾ ಇದೆ, 'ಆದರೆ' ಬರ್ಲಿ ತಡಿ" ಅಂದ. ನೋಡಿದೆ. ನನ್ನ ಗೆರೆಯೇ ತಪ್ಪಾಗಿತ್ತು.